ತಂದೆಯವರ ಪಿಂಚಣಿ ಖಾತೆಯಿಂದ ತಿಂಗಳಿಗೆ 99 ರೂಪಾಯಿ ಕಡಿತ: ಪ್ಲೇ ಸ್ಟೋರ್‌ನಲ್ಲೂ ಇಲ್ಲ, ಯುಪಿಐ ಆ್ಯಪ್‌ನಲ್ಲೂ ಇಲ್ಲ

ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ತಂದೆಯವರು ನಿವೃತ್ತ ಶಾಲಾ ಶಿಕ್ಷಕರು, ಆಳಂದದಲ್ಲಿದ್ದಾರೆ. ಅವರ ಪಿಂಚಣಿ ಖಾತೆಯ ಪಾಸ್‌ಬುಕ್ ಮುದ್ರಿಸಿಕೊಂಡು ಬಂದಾಗ, ಪ್ರತಿ ತಿಂಗಳು ಏಳನೆಯ ತಾರೀಖಿನ ಆಸುಪಾಸಿನಲ್ಲಿ 99 ರೂಪಾಯಿ ಕಡಿತವಾಗುತ್ತಿರುವುದು ಕಂಡುಬಂದಿತು. ಹಣ ಪಡೆದವರ ಹೆಸರಿನ ಜಾಗದಲ್ಲಿ ಒಂದು ಪಾವತಿ ಸಂಸ್ಥೆಯ ಹೆಸರಿದೆಯೇ ಹೊರತು, ಅದು ಯಾವ ಸೇವೆಗೆ ಎಂಬುದು ಇಲ್ಲ. ತಂದೆಯವರು ಹಿಂದೊಮ್ಮೆ ವಚನಗಳನ್ನೂ ತತ್ವಪದಗಳನ್ನೂ ಕೇಳಲು ಒಂದು ಸಂಗೀತದ ಆ್ಯಪ್ ಹಾಕಿಕೊಂಡಿದ್ದರು, ಆರಂಭದಲ್ಲಿ ಒಂದು ರೂಪಾಯಿ ಮಾತ್ರ ಕೇಳಿತ್ತು ಎಂಬ ನೆನಪು ಅವರಿಗಿದೆ. ಆ ಆ್ಯಪ್ ಈಗ ಅವರ ಫೋನಿನಲ್ಲಿಯೇ ಇಲ್ಲ.

ನಾನು ಪ್ಲೇ ಸ್ಟೋರ್‌ನಲ್ಲಿ `Subscriptions` ತೆರೆದು ನೋಡಿದೆ, ಅಲ್ಲಿ ಏನೂ ಇಲ್ಲ. ಅವರು ಬಳಸುವ ಗೂಗಲ್ ಪೇಯ `Autopay` ಪಟ್ಟಿಯೂ ಖಾಲಿ ಇದೆ. ಹಾಗಾದರೆ ಈ ಹಣ ಯಾವ ದಾರಿಯಿಂದ ಹೋಗುತ್ತಿದೆ? ತಿಳಿದವರು ದಯವಿಟ್ಟು ವಿವರಿಸಬೇಕು. ಇದೊಂದೇ ಅಲ್ಲದೆ ಇಂಥವು ಇನ್ನೂ ಇವೆಯೋ ಏನೋ ಎಂಬ ಅನುಮಾನವೂ ನನಗಿದೆ.

ಬಸವಕಲ್ಯಾಣ ಮೊಬೈಲ್ ಅಂಗಡಿ

ಅಣ್ಣನವರೇ, ಅಂಗಡಿಗೆ ಇಂಥ ದೂರು ಹೊತ್ತು ತರುವವರು ಬಹಳ. ಹೆಚ್ಚಿನವರಲ್ಲಿ ಕಾರಣ ಒಂದೇ: ಫೋನಿನಲ್ಲಿ ಎರಡು ಗೂಗಲ್ ಖಾತೆಗಳಿರುತ್ತವೆ, ಚಂದಾ ಒಂದರಲ್ಲಿದ್ದರೆ ನೋಡುವುದು ಇನ್ನೊಂದರಲ್ಲಿ. ಪ್ಲೇ ಸ್ಟೋರ್‌ನ ಮೇಲ್ಭಾಗದಲ್ಲಿರುವ ಗುಂಡಗಿನ ಚಿತ್ರ ಒತ್ತಿ ಖಾತೆ ಬದಲಾಯಿಸಿ, ಆಮೇಲೆ `Payments & subscriptions` ಒಳಗೆ ಹೋಗಿ ಮತ್ತೊಮ್ಮೆ ನೋಡಿರಿ. ಆ್ಯಪ್ ಅನ್ನು ತೆಗೆದುಹಾಕಿದ್ದರೆ ಚಂದಾ ತಾನಾಗಿಯೇ ನಿಲ್ಲಬೇಕು, ಒಂದೆರಡು ತಿಂಗಳು ಕಾಯ್ದು ನೋಡಬಹುದು. ಅಷ್ಟಕ್ಕೂ ಯುಪಿಐ ಎಂದ ಮೇಲೆ ಪಿನ್ ಹಾಕದೆ ಹಣ ಹೋಗುವುದೇ ಇಲ್ಲ. ಆದ್ದರಿಂದ ಇದು ಕಾರ್ಡಿನಿಂದ ಹೋಗುತ್ತಿರಬೇಕು ಎಂದು ನನ್ನ ಅನಿಸಿಕೆ.

ಶಹಾಪುರದ ಕಿರಾಣಿ

ನಮ್ಮ ಖಾತೆಯಲ್ಲಿಯೂ ಹೀಗೆಯೇ ಆಗಿದೆ. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಒಮ್ಮೆ, 20 ರೂಪಾಯಿ ಒಮ್ಮೆ ಹೋಗಿದೆ, ಹಿಂದಿನ ವರ್ಷವೂ ಹೋಗಿತ್ತು. ನಾನು ಹಾಡು ಕೇಳುವ ಯಾವ ಆ್ಯಪ್‌ಗೂ ಹಣ ಕೊಟ್ಟವನಲ್ಲ. ಇದನ್ನು ನಿಲ್ಲಿಸುವುದು ಹೇಗೆ?

ಲೆಕ್ಕದ ಪುಸ್ತಕ, ಕಲಬುರಗಿ

ಶಹಾಪುರದ ಸಹೋದರರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವಸರದಲ್ಲಿ ಅದನ್ನು ನಿಲ್ಲಿಸಿದರೆ ನಷ್ಟ ನಿಮ್ಮ ಮನೆಯವರಿಗೆ. 436 ರೂಪಾಯಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು, 20 ರೂಪಾಯಿ ಸುರಕ್ಷಾ ವಿಮೆಯ ಕಂತು. ಎರಡರ ಅವಧಿಯೂ ಜೂನ್ 1ರಿಂದ ಮೇ 31ರವರೆಗೆ ಇರುವುದರಿಂದ, ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ಕಡಿತವಾಗುತ್ತದೆ. ಖಾತೆ ತೆರೆಯುವಾಗ ಅಥವಾ ಆಮೇಲೆ ನೀವೇ ಅರ್ಜಿಗೆ ಸಹಿ ಮಾಡಿರುತ್ತೀರಿ. ಅದನ್ನು ಮುಟ್ಟಬೇಡಿರಿ. ಸ್ಟೇಟ್‌ಮೆಂಟ್ ನೋಡುವ ಎಲ್ಲರೂ ಗಮನಿಸಬೇಕಾದ ಮಾತಿದು: `ACH` ಅಥವಾ `NACH` ಎಂದು ಆರಂಭವಾಗುವ ಸಾಲುಗಳು ಸಾಮಾನ್ಯವಾಗಿ ಸಾಲದ ಕಂತು, ವಿಮೆ, ಮ್ಯೂಚುವಲ್ ಫಂಡ್ ಇಂಥವುಗಳಿಗೆ ಸೇರಿರುತ್ತವೆ. ಯಾವುದಕ್ಕೆ ಸಂಬಂಧಿಸಿದ್ದೆಂದು ಖಚಿತವಾಗುವ ತನಕ ಅಂಥ ಸಾಲುಗಳನ್ನು ನಿಲ್ಲಿಸುವ ಮಾತೇ ಬೇಡ.

ಈಗ ಆಳಂದ ರಸ್ತೆಯವರ ಪ್ರಶ್ನೆ. ಮೊಬೈಲ್ ಅಂಗಡಿಯವರು ಎರಡು ಗೂಗಲ್ ಖಾತೆಗಳ ವಿಷಯ ಹೇಳಿದ್ದು ಸರಿಯಾಗಿದೆ, ಅದನ್ನು ಪರಿಶೀಲಿಸಲೇಬೇಕು. ಉಳಿದ ಎರಡು ಮಾತುಗಳು ಸರಿಯಿಲ್ಲ. ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಯಾವ ಚಂದಾವೂ ನಿಲ್ಲುವುದಿಲ್ಲ, ಪ್ಲೇ ಸ್ಟೋರ್ ಮೂಲಕ ಕೊಂಡದ್ದೂ ನಿಲ್ಲುವುದಿಲ್ಲ. ಯುಪಿಐ ಆಟೋಪೇಯಲ್ಲಿ ಪಿನ್ ಕೇಳುವುದು ಅನುಮತಿ ಕೊಡುವ ಮೊದಲ ಸಲ ಮಾತ್ರ. ಆಮೇಲೆ ಆ ಅನುಮತಿಯ ಮಿತಿಯೊಳಗೆ, 15,000 ರೂಪಾಯಿವರೆಗಿನ ಸಾಮಾನ್ಯ ಕಡಿತಗಳು ಪಿನ್ ಇಲ್ಲದೆಯೇ ನಡೆಯುತ್ತವೆ. ಯುಪಿಐ ಆಟೋಪೇ ವ್ಯವಸ್ಥೆ 2020ರಿಂದ ಜಾರಿಯಲ್ಲಿದೆ. ಒಂದು ರೂಪಾಯಿಯ ಪ್ರಾಯೋಗಿಕ ಚಂದಾ ಎಂದು ತೋರಿಸುವ ಪರದೆಯಲ್ಲಿ ನಾವು ಪಿನ್ ಹಾಕುವುದು ಆ ಒಂದು ರೂಪಾಯಿಗಷ್ಟೇ ಅಲ್ಲ, ಮುಂದಿನ ತಿಂಗಳುಗಳ 99 ರೂಪಾಯಿಗೂ ಒಪ್ಪಿಗೆ ಕೊಟ್ಟಂತೆ.

ಇಂಥ ಚಂದಾಗಳ ಕಡಿತಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಪ್ಲೇ ಸ್ಟೋರ್ ಅಥವಾ ಐಫೋನಿನ ಅಂಗಡಿ ಒಂದು, ಯುಪಿಐ ಆಟೋಪೇ ಎರಡನೆಯದು, ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಮೇಲೆ ಕೊಟ್ಟ ನಿರಂತರ ಅನುಮತಿ ಮೂರನೆಯದು, ಸಿಮ್ ಕಂಪನಿಯ ಬಿಲ್ಲು ಅಥವಾ ಬ್ಯಾಲೆನ್ಸ್ ನಾಲ್ಕನೆಯದು. ಒಂದು ದಾರಿಯ ಪಟ್ಟಿಯಲ್ಲಿ ಇನ್ನೊಂದು ದಾರಿಯ ಚಂದಾ ಕಾಣಿಸಬೇಕೆಂಬ ನಿಯಮವಿಲ್ಲ. ಆದ್ದರಿಂದ ಹುಡುಕಾಟವನ್ನು ಆ್ಯಪ್‌ಗಳಿಂದ ಆರಂಭಿಸುವುದಕ್ಕಿಂತ ಕಡಿತವಾದ ಸಾಲಿನಿಂದ ಆರಂಭಿಸಿ ಹಿಂದಕ್ಕೆ ಹೋಗುವುದು ಸರಿಯಾದ ಕ್ರಮ. ಇಂಥ ನಿರಂತರ ಅನುಮತಿಯನ್ನು ಬ್ಯಾಂಕಿನವರು ಮ್ಯಾಂಡೇಟ್ ಎನ್ನುತ್ತಾರೆ, ಆದ್ದರಿಂದ ತಂದೆಯವರ ಫೋನಿನ ಸಂದೇಶಗಳಲ್ಲಿ `mandate` ಎಂದು ಹುಡುಕಿರಿ. ಅನುಮತಿ ಕೊಟ್ಟ ದಿನ ಬ್ಯಾಂಕಿನಿಂದ ಬಂದ ಸಂದೇಶದಲ್ಲಿ `UMN` ಎಂಬ ಉದ್ದನೆಯ ಸಂಖ್ಯೆ ಇರುವ ಸಾಧ್ಯತೆ ಇದೆ. ಅದರ ಕೊನೆಯಲ್ಲಿ @ ಚಿಹ್ನೆಯ ನಂತರ ಏನಿದೆ ಎಂಬುದನ್ನು ಬರೆಯಿರಿ.

ಸುರಪುರದ ವಿದ್ಯಾರ್ಥಿನಿ

ನಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದೇನೆ. ನನ್ನ ಸಂಗೀತದ ಚಂದಾ ಡೆಬಿಟ್ ಕಾರ್ಡಿನ ಮೇಲಿತ್ತು. ಕಾರ್ಡಿನ ಅವಧಿ ಮುಗಿದು ಹೊಸದು ಬಂದ ಮೇಲೆ ಹಣ ಹೋಗುವುದು ತಾನಾಗಿಯೇ ನಿಂತುಹೋಯಿತು. ಆದ್ದರಿಂದ ಬ್ಯಾಂಕಿಗೆ ಹೋಗಿ ತಂದೆಯವರ ಕಾರ್ಡ್ ಬದಲಾಯಿಸಿಕೊಂಡರೆ ಸಾಕಲ್ಲವೇ?

ಆಳಂದ ರಸ್ತೆ, ಕಲಬುರಗಿ

ಅಕ್ಕನವರೇ, ನೀವು ಹೇಳಿದಂತೆ ಹುಡುಕಿದೆ. ಜಾಹೀರಾತು ಸಂದೇಶಗಳ ನಡುವೆ ಬ್ಯಾಂಕಿನ ಹಳೆಯ ಸಂದೇಶವೊಂದು ಸಿಕ್ಕಿತು. ಅದರಲ್ಲಿ ಮ್ಯಾಂಡೇಟ್ ಸೃಷ್ಟಿಯಾಗಿದೆ ಎಂದಿದೆ, ಆ ಸಂಗೀತ ಸೇವೆಯ ಹೆಸರಿದೆ, ಮತ್ತು UMN ಕೊನೆಗೊಳ್ಳುವುದು `@ybl` ಎಂದು. ಪ್ರತಿ ತಿಂಗಳ ಕಡಿತಕ್ಕೆ ಒಂದು ದಿನ ಮೊದಲು ಮುನ್ಸೂಚನೆಯ ಸಂದೇಶವೂ ಬರುತ್ತಿದೆ, ಆದರೆ ಇಂಗ್ಲಿಷಿನಲ್ಲಿರುವುದರಿಂದ ತಂದೆಯವರು ಅದನ್ನು ಜಾಹೀರಾತೆಂದು ಭಾವಿಸಿ ತೆರೆದೇ ಇಲ್ಲ.

ಲೆಕ್ಕದ ಪುಸ್ತಕ, ಕಲಬುರಗಿ

ನಿಮ್ಮ ಪ್ರಶ್ನೆಗೆ ಉತ್ತರ ಆ ಬಾಲದಲ್ಲಿಯೇ ಇದೆ. `@ybl` ಎಂಬುದು ಫೋನ್‌ಪೇಯಲ್ಲಿ ಬಳಕೆಯಾಗುವ ಯುಪಿಐ ಗುರುತು. `@okaxis`, `@oksbi`, `@okhdfcbank`, `@okicici` ಎಂದಿದ್ದರೆ ಗೂಗಲ್ ಪೇ. `@pt` ಎಂದು ಆರಂಭವಾಗುವ ಬಾಲಗಳು ಪೇಟಿಎಂನವು. ಎಂದರೆ ತಂದೆಯವರು ಆ ಚಂದಾಕ್ಕೆ ಅನುಮತಿ ಕೊಟ್ಟದ್ದು ಫೋನ್‌ಪೇ ಮೂಲಕ, ಈಗ ಬಳಸುತ್ತಿರುವುದು ಗೂಗಲ್ ಪೇ. ಮ್ಯಾಂಡೇಟ್ ಇರುವುದು ಬ್ಯಾಂಕ್ ಖಾತೆಯ ಮೇಲೆ. ಫೋನ್ ಬದಲಾದರೂ, ಯುಪಿಐ ಆ್ಯಪ್ ಅಳಿಸಿದರೂ ಅದು ಜೀವಂತವಾಗಿಯೇ ಇರುತ್ತದೆ. ಅದರ ಕೊನೆಯ ದಿನಾಂಕವನ್ನು ಹಲವು ಸೇವೆಗಳು ಬಹಳ ಮುಂದಿನ ವರ್ಷಕ್ಕೆ ಹಾಕಿರುತ್ತವೆ.

ಈಗ ಮಾಡಬೇಕಾದದ್ದು ಹೀಗಿದೆ. ಅದೇ ಸಿಮ್ ಇರುವ ಫೋನಿನಲ್ಲಿ ಫೋನ್‌ಪೇಯನ್ನು ಮತ್ತೆ ಸ್ಥಾಪಿಸಿ, ಅದೇ ಸಂಖ್ಯೆಯಿಂದ ಒಳಹೋಗಿ, ಆಟೋಪೇ ವಿಭಾಗವನ್ನು ತೆರೆಯಿರಿ. ಆ 99 ರೂಪಾಯಿಯ ಸಾಲು ಅಲ್ಲಿ ಇರಬೇಕು. ಅದನ್ನು ಒತ್ತಿದರೆ ಗರಿಷ್ಠ ಮೊತ್ತ, ಆವರ್ತನ, ಕೊನೆಯ ದಿನಾಂಕ ಎಲ್ಲವೂ ಕಾಣುತ್ತವೆ. ಗರಿಷ್ಠ ಮೊತ್ತವನ್ನು ವಿಶೇಷವಾಗಿ ಗಮನಿಸಿರಿ. ಕಡಿತವಾಗುತ್ತಿರುವುದು 99 ಆದರೂ ಅನುಮತಿಯ ಮಿತಿ ಅದಕ್ಕಿಂತ ಬಹಳ ಹೆಚ್ಚಿರಬಹುದು. ಆಗ ಸೇವೆಯವರು ದರ ಏರಿಸಿದರೆ, ಆ ಮಿತಿಯೊಳಗಿರುವ ತನಕ ಹೊಸ ಅನುಮತಿಗಾಗಿ ನಿಮ್ಮ ಬಳಿ ಬರಬೇಕಾದ ಅಗತ್ಯ ಅವರಿಗೆ ಇರುವುದಿಲ್ಲ.

ರದ್ದು ಮಾಡುವ ಕ್ರಮದ ಬಗ್ಗೆ ಒಂದು ಮಾತು. ಮೊದಲು ಸಂಗೀತದ ಆ್ಯಪ್‌ನೊಳಗೆ ಹೋಗಿ ಚಂದಾವನ್ನು ರದ್ದುಪಡಿಸಿ, ಯಾವ ದಿನದವರೆಗೆ ಸೇವೆ ಇದೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟನ್ನು ರದ್ದುಪಡಿಸಿರಿ. ಇವೆರಡೂ ಬೇರೆ ಬೇರೆ ಕೆಲಸಗಳು. ಮ್ಯಾಂಡೇಟ್ ಮಾತ್ರ ರದ್ದಾದರೆ ಹಣ ನಿಲ್ಲುತ್ತದೆ, ಆದರೆ ಸೇವೆಯವರ ದಾಖಲೆಯಲ್ಲಿ ಚಂದಾ ಇನ್ನೂ ಚಾಲ್ತಿಯಲ್ಲಿರುತ್ತದೆ. ಅವರು ಪಾವತಿ ವಿಫಲವಾಗಿದೆ ಎಂದು ಸಂದೇಶಗಳನ್ನು ಕಳುಹಿಸುತ್ತಾ ಇರುತ್ತಾರೆ, ಹಿರಿಯರು ಗಾಬರಿಯಿಂದ ಅದೇ ಕೊಂಡಿಯನ್ನು ಒತ್ತಿ ಹೊಸ ಮ್ಯಾಂಡೇಟನ್ನೇ ಕೊಟ್ಟುಬಿಡುತ್ತಾರೆ. ಆ್ಯಪ್‌ನಲ್ಲಿ ಮಾತ್ರ ರದ್ದುಪಡಿಸಿ ಮ್ಯಾಂಡೇಟನ್ನು ಹಾಗೆಯೇ ಬಿಟ್ಟರೆ, ಬಳಕೆಯಿಲ್ಲದ ಅನುಮತಿಯೊಂದು ಪಿಂಚಣಿ ಖಾತೆಯ ಮೇಲೆ ಉಳಿಯುತ್ತದೆ. `Pause` ಎಂಬ ಆಯ್ಕೆಯೂ ಕಾಣಿಸಬಹುದು, ಆದರೆ ಅದು ತಾತ್ಕಾಲಿಕ ತಡೆ ಮಾತ್ರ, ಹೇಳಿದ ಅವಧಿ ಮುಗಿದ ಮೇಲೆ ಕಡಿತ ಮತ್ತೆ ಆರಂಭವಾಗುತ್ತದೆ. ರದ್ದುಪಡಿಸುವಾಗಲೂ ಪಿನ್ ಕೇಳಬಹುದು, ಅದಕ್ಕೆ ತಂದೆಯವರು ಹೆದರಬೇಕಾಗಿಲ್ಲ. ಆದರೆ ಪಿನ್ ಹಾಕುವ ಮುನ್ನ ಪರದೆಯಲ್ಲಿ ರದ್ದತಿಯ ಮಾತೇ ಇದೆಯೇ ಎಂದು ನೀವು ಓದಿ ಹೇಳಿರಿ.

ಸುರಪುರದ ತಂಗಿಗೆ: ನಿಮ್ಮ ಚಂದಾ ನಿಂತದ್ದು ನಿಜವಿರಬಹುದು. ಆದರೆ ಕಾರ್ಡ್ ಬದಲಾದಾಗ ಹಳೆಯ ಅನುಮತಿ ಪ್ರತಿ ಬಾರಿಯೂ ಸಾಯುತ್ತದೆ ಎಂದು ನಂಬಿ ಕೂರಬಾರದು. ಕಾರ್ಡಿನ ಅನುಮತಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಯಾಗಿವೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು, ಗ್ರಾಹಕರು ಬಯಸಿದಾಗ ಅನುಮತಿಯನ್ನು ಹಿಂಪಡೆಯಲು ಆನ್‌ಲೈನಿನಲ್ಲಿಯೇ ಅವಕಾಶವಿರಬೇಕು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ `e-mandate` ಅಥವಾ `Standing instructions` ಎಂಬ ಹೆಸರಿನಲ್ಲಿ ಆ ಪಟ್ಟಿ ಇದೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಿರಿ. ತಂದೆಯವರ ಪ್ರಕರಣದಲ್ಲಿಯಂತೂ ಹಣ ಹೋಗುತ್ತಿರುವುದು ಯುಪಿಐ ಮೂಲಕ, ಕಾರ್ಡ್ ಬದಲಿಸಿದರೂ ಅದು ನಿಲ್ಲುವುದಿಲ್ಲ.

ಭಾಲ್ಕಿ ಓದುಗ

ಖಾತೆಯಲ್ಲಿ ಹಣವನ್ನೇ ಇಡದಿದ್ದರೆ ಕಡಿತವಾಗುವುದಾದರೂ ಹೇಗೆ? ಪಿಂಚಣಿ ಬಂದ ದಿನವೇ ತೆಗೆದುಬಿಟ್ಟರೆ ಇಷ್ಟೆಲ್ಲ ಕಷ್ಟವಿಲ್ಲ. ನಾನು ಹಾಗೆಯೇ ಮಾಡುತ್ತೇನೆ.

ಲೆಕ್ಕದ ಪುಸ್ತಕ, ಕಲಬುರಗಿ

ಒಂದು ಪ್ರಯತ್ನ ವಿಫಲವಾದರೆ ಅದೇ ಕಡಿತಕ್ಕೆ ಇನ್ನೂ ಮೂರು ಬಾರಿ ಪ್ರಯತ್ನಿಸಲು ಯುಪಿಐ ನಿಯಮದಲ್ಲಿ ಅವಕಾಶವಿದೆ. ಮುಂದಿನ ತಿಂಗಳು ಮತ್ತೆ ಹೊಸದಾಗಿ ಆರಂಭವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದೇ ಖಾತೆಯಲ್ಲಿ ಸಾಲದ ಕಂತೋ ವಿಮೆಯ ಕಂತೋ ಇದ್ದರೆ, ಹಣವಿಲ್ಲದೆ ಅದು ಹಿಂದಿರುಗಿದಾಗ ಬ್ಯಾಂಕು ಶುಲ್ಕ ಹಾಕುತ್ತದೆ, ವಿಮೆಯೇ ನಿಂತುಹೋಗುವ ಅಪಾಯವೂ ಇದೆ. 99 ರೂಪಾಯಿ ಉಳಿಸಲು ಹೋಗಿ ಅದಕ್ಕಿಂತ ದೊಡ್ಡ ಮೊತ್ತ ಕಳೆದುಕೊಂಡವರನ್ನು ಶಾಖೆಯಲ್ಲಿದ್ದಾಗ ನಾನು ಕಂಡಿದ್ದೇನೆ.

ಬಸವಕಲ್ಯಾಣ ಮೊಬೈಲ್ ಅಂಗಡಿ

ಪಿನ್ ವಿಷಯ ಇಷ್ಟು ವಿವರವಾಗಿ ನನಗೆ ತಿಳಿದಿರಲಿಲ್ಲ, ಅಂಗಡಿಗೆ ಬರುವವರಿಗೆ ಇನ್ನು ಮುಂದೆ ಸರಿಯಾಗಿ ಹೇಳುತ್ತೇನೆ. ನಾಲ್ಕನೆಯ ದಾರಿಯ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ. ಸಾಧಾರಣ ಕೀಪ್ಯಾಡ್ ಫೋನ್ ಇಟ್ಟುಕೊಂಡ ಹಿರಿಯರು, ಟಾಪ್ ಅಪ್ ಮಾಡಿಸಿದ ಹಣ ತಾನಾಗಿಯೇ ಕರಗುತ್ತಿದೆ ಎಂದು ಬರುತ್ತಾರೆ. ನೋಡಿದರೆ ಕಾಲರ್ ಟ್ಯೂನೋ ಭಕ್ತಿಗೀತೆಯ ಸೇವೆಯೋ ಚಾಲ್ತಿಯಲ್ಲಿರುತ್ತದೆ. ಅದು ಬ್ಯಾಂಕಿನ ಯಾವ ಸ್ಟೇಟ್‌ಮೆಂಟಿನಲ್ಲೂ ಕಾಣುವುದಿಲ್ಲ, ಏಕೆಂದರೆ ಹೋಗುತ್ತಿರುವುದು ಸಿಮ್ಮಿನ ಬ್ಯಾಲೆನ್ಸಿನಿಂದ. ಇಂಥ ಸೇವೆಗಳನ್ನು ನಿಲ್ಲಿಸಲು ಟ್ರಾಯ್ ಎಲ್ಲ ಕಂಪನಿಗಳಿಗೂ ಸಾಮಾನ್ಯವಾಗಿ ನಿಗದಿಪಡಿಸಿದ ಸಂಖ್ಯೆ 155223. ಅದೇ ಸಿಮ್ಮಿನಿಂದ ಆ ಸಂಖ್ಯೆಗೆ ಕರೆ ಮಾಡಿದರೆ ಯಾವ ಸೇವೆ ಇದೆ ಎಂದು ಕೇಳಿ ನಿಲ್ಲಿಸಬಹುದು. ನಮ್ಮ ಗಿರಾಕಿಗಳಿಗೆ ನಾನು ಮಾಡಿಸಿಕೊಡುವುದು ಹೀಗೆಯೇ.

ಆಳಂದ ರಸ್ತೆ, ಕಲಬುರಗಿ

ಫೋನ್‌ಪೇಯನ್ನು ಮತ್ತೆ ಹಾಕಿದಾಗ ಆಟೋಪೇ ಪಟ್ಟಿಯಲ್ಲಿ ಆ ಸಂಗೀತ ಸೇವೆ ಕಾಣಿಸಿತು. ಆದರೆ ಸಂಗೀತದ ಆ್ಯಪ್‌ನೊಳಗೆ ಹೋಗಲು ಆಗಲಿಲ್ಲ. ಖಾತೆ ತೆರೆದಾಗ ತಂದೆಯವರ ಬಳಿ ಬೇರೊಂದು ಸಿಮ್ ಇತ್ತಂತೆ, ಒಟಿಪಿ ಆ ಸಂಖ್ಯೆಗೆ ಹೋಗುತ್ತಿದೆ, ಆ ಸಂಖ್ಯೆ ಈಗ ಚಾಲ್ತಿಯಲ್ಲಿಲ್ಲ. ಹೀಗಿರುವಾಗ ಮ್ಯಾಂಡೇಟನ್ನು ನೇರವಾಗಿ ರದ್ದುಪಡಿಸಬಹುದೇ?

ಅಕ್ಕನವರ ಮಾತಿನ ಮೇರೆಗೆ ಇಡೀ ಖಾತೆಯನ್ನು ಪರಿಶೀಲಿಸಲು ಸ್ಟೇಟ್‌ಮೆಂಟನ್ನೂ ತರಿಸಿದೆ. ಅದರಲ್ಲಿ ಇನ್ನೆರಡು ಸಿಕ್ಕವು. ಗೂಗಲ್‌ಗೆ ಪ್ರತಿ ತಿಂಗಳು 149 ರೂಪಾಯಿ ಹೋಗುತ್ತಿದೆ. ವಿಚಾರಿಸಿದಾಗ, ತಂದೆಯವರು ಯೂಟ್ಯೂಬಿನಲ್ಲಿ ಪ್ರವಚನ ಕೇಳುವಾಗ ನಡುವೆ ಜಾಹೀರಾತು ಬರಬಾರದೆಂದು ನಮ್ಮ ಭಾವನವರು ಯೂಟ್ಯೂಬ್ ಪ್ರೀಮಿಯಂ ಹಾಕಿಕೊಟ್ಟಿದ್ದರು ಎಂದು ತಿಳಿಯಿತು. ಅದು ಅವರಿಗೆ ನಿಜವಾಗಿಯೂ ಉಪಯೋಗವಾಗುತ್ತಿದೆ. ಇನ್ನೊಂದು, ವರ್ಷಕ್ಕೊಮ್ಮೆ 499 ರೂಪಾಯಿಯ ವಿಡಿಯೊ ಸೇವೆಯ ಚಂದಾ, ಕ್ರಿಕೆಟ್ ಸಮಯದಲ್ಲಿ ತೆಗೆದುಕೊಂಡದ್ದು. ಆದರೆ ಅದೇ ವಿಡಿಯೊ ಸೇವೆ ಅವರು ಹಾಕಿಸುವ 84 ದಿನಗಳ ರೀಚಾರ್ಜಿನೊಂದಿಗೂ ಬರುತ್ತದೆ ಎಂದು ಸಿಮ್ ಕಂಪನಿಯ ಆ್ಯಪ್ ತೋರಿಸುತ್ತಿದೆ.

ಲೆಕ್ಕದ ಪುಸ್ತಕ, ಕಲಬುರಗಿ

ಸಂಗೀತದ ಆ್ಯಪ್‌ನೊಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಮ್ಯಾಂಡೇಟನ್ನು ನೇರವಾಗಿ ರದ್ದುಪಡಿಸಿರಿ, ಹಣ ನಿಲ್ಲಲು ಅಷ್ಟು ಸಾಕು. ಕಡಿತದ ಮುನ್ಸೂಚನೆ ಬರುವವರೆಗೆ ಕಾಯದೆ, ಏಳನೆಯ ತಾರೀಖಿಗೆ ಕೆಲವು ದಿನ ಮುಂಚೆಯೇ ಮಾಡಿರಿ. ರದ್ದತಿಯ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳಿರಿ. ಆಮೇಲೂ ಕಡಿತವಾದರೆ, ಬ್ಯಾಂಕಿನ ಮುಂದೆ ಇಡಲು ಅದೇ ನಿಮ್ಮ ದಾಖಲೆ.

ಸ್ಟೇಟ್‌ಮೆಂಟನ್ನು ಎಷ್ಟು ತಿಂಗಳಿಗೆ ತರಿಸಿದಿರಿ ಎಂದು ಬರೆದಿಲ್ಲ. ನಾನು ಎಲ್ಲರಿಗೂ ಹೇಳುವುದು 13 ತಿಂಗಳು. ಮೂರೋ ಆರೋ ತಿಂಗಳು ಮಾತ್ರ ನೋಡಿದರೆ ವಾರ್ಷಿಕ ಚಂದಾಗಳು ತಪ್ಪಿಹೋಗುತ್ತವೆ. ಸರಿಯಾಗಿ 12 ತಿಂಗಳು ನೋಡಿದರೂ, ನವೀಕರಣದ ದಿನ ಒಂದೆರಡು ದಿನ ಆಚೀಚೆಯಾದರೆ ಅದು ಅಂಚಿನಲ್ಲಿ ಜಾರಿಹೋಗುತ್ತದೆ. 13 ತಿಂಗಳಿದ್ದರೆ ಕೆಲವು ವಾರ್ಷಿಕ ಸಾಲುಗಳು ಎರಡು ಬಾರಿ ಕಾಣಿಸಿಕೊಂಡು, ಅವು ಮರುಕಳಿಸುವಂಥವು ಎಂಬುದೂ ಅಲ್ಲಿಯೇ ಸಾಬೀತಾಗುತ್ತದೆ.

ಈಗ ಒಂದರ ಮೇಲೊಂದು ಬಿದ್ದಿರುವ ಚಂದಾಗಳ ವಿಷಯ, ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಮುಖ್ಯ ಭಾಗವಿದು. ಯೂಟ್ಯೂಬ್ ಪ್ರೀಮಿಯಂನ ಪೂರ್ಣ ಚಂದಾದೊಳಗೆ ಯೂಟ್ಯೂಬ್ ಮ್ಯೂಸಿಕ್ ಪ್ರೀಮಿಯಂ ಸೇರಿಯೇ ಇದೆ. ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಒಬ್ಬರ ಚಂದಾದ ದರವನ್ನು ತಿಂಗಳಿಗೆ 129ರಿಂದ 149ಕ್ಕೆ ಏರಿಸಿದರು, ನಿಮ್ಮ ಸ್ಟೇಟ್‌ಮೆಂಟಿನ ಮೊತ್ತ ಅದಕ್ಕೆ ಹೊಂದುತ್ತದೆ. ಎಂದರೆ ತಂದೆಯವರು ಹಾಡು ಕೇಳುವ ಸೌಲಭ್ಯಕ್ಕೆ 149ರ ಒಳಗೆ ಈಗಾಗಲೇ ಹಣ ಕೊಟ್ಟಿದ್ದಾರೆ, ಆ 99 ಅದರ ಮೇಲೆ ಎರಡನೆಯ ಸಲ. ವರ್ಷಕ್ಕೆ 1,188 ರೂಪಾಯಿ. ಆದರೆ ರದ್ದುಪಡಿಸುವ ಮುನ್ನ ತಂದೆಯವರು ಕೇಳುವ ತತ್ವಪದಗಳು ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಸಿಗುತ್ತವೆಯೇ ಎಂದು ಅವರ ಎದುರಿನಲ್ಲಿಯೇ ಹುಡುಕಿ ನೋಡಿರಿ. ನಮ್ಮ ಭಾಗದ ಹಳೆಯ ಧ್ವನಿಮುದ್ರಣಗಳು ಎಲ್ಲ ಸೇವೆಗಳಲ್ಲಿಯೂ ಒಂದೇ ಸಮನಾಗಿ ಇರುವುದಿಲ್ಲ.

ವಿಡಿಯೊ ಸೇವೆಯಲ್ಲಿ ಲೆಕ್ಕ ಬೇರೆ. ರೀಚಾರ್ಜಿನೊಂದಿಗೆ ಬರುವ ಚಂದಾ ಆ ಮೊಬೈಲ್ ಸಂಖ್ಯೆಯಿಂದ ಒಳಹೋದ ಖಾತೆಗೆ ಸೇರುತ್ತದೆ. ನೀವು ನೇರವಾಗಿ ಕೊಂಡದ್ದು ಇಮೇಲ್ ಖಾತೆಯಲ್ಲಿದ್ದರೆ ಎರಡೂ ಪರಸ್ಪರ ಅರಿಯದೆ ಸಮಾನಾಂತರವಾಗಿ ಓಡುತ್ತವೆ, ಎರಡಿವೆ ಎಂದು ಎಚ್ಚರಿಸುವವರು ಯಾರೂ ಇಲ್ಲ. ಆ ಆ್ಯಪ್‌ನ ಖಾತೆಯ ಪುಟದಲ್ಲಿ ಚಂದಾ ಎಲ್ಲಿಂದ ಬಂದಿದೆ ಎಂಬುದನ್ನು ನೋಡಿರಿ. ಇನ್ನೊಂದು ವಿಷಯ, ರೀಚಾರ್ಜಿನ ಜೊತೆ ಕೊಡುವ ಚಂದಾ ಎಷ್ಟೋ ಸಲ ಮೊಬೈಲ್ ಪರದೆಗೆ ಮಾತ್ರ ಸೀಮಿತವಾಗಿರುತ್ತದೆ. ಮನೆಯವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರೆ, ಹೆಸರು ಒಂದೇ ಆದರೂ ಅವು ಒಂದೇ ವಸ್ತುವಲ್ಲ.

ಮೊಬೈಲಿನಲ್ಲಿ ಮಾತ್ರ ನೋಡುವುದಾದರೆ ಹೀಗೆ ಮಾಡಬಹುದು. 499 ರೂಪಾಯಿ ಈಗಾಗಲೇ ಹೋಗಿದೆ, ನಡುವಿನಲ್ಲಿ ರದ್ದುಪಡಿಸಿದರೆ ಅದು ಮರಳಿ ಬರುತ್ತದೆಂಬ ನಿರೀಕ್ಷೆ ಬೇಡ. ಅದರ ನವೀಕರಣವನ್ನು ಮಾತ್ರ ಈಗಲೇ ನಿಲ್ಲಿಸಿ, ಅದರ ಅವಧಿ ಮುಗಿಯುವವರೆಗೆ ವಿಡಿಯೊ ಸೇವೆ ಇಲ್ಲದ ಕಡಿಮೆ ದರದ ರೀಚಾರ್ಜ್ ಹಾಕಿಸಿರಿ. ವಾರ್ಷಿಕ ಚಂದಾ ಮುಗಿದ ಮೇಲೆ, ಬೇಕಿದ್ದರೆ ಜೊತೆಗೂಡಿದ ರೀಚಾರ್ಜಿಗೆ ಮರಳಬಹುದು.

ಸುರಪುರದ ವಿದ್ಯಾರ್ಥಿನಿ

ಅಕ್ಕಾ, ನನ್ನ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿದೆ. ಹಳೆಯ ಕಾರ್ಡಿನ ಅನುಮತಿ ಇನ್ನೂ ಚಾಲ್ತಿಯಲ್ಲಿದೆ ಎಂದೇ ತೋರಿಸುತ್ತಿತ್ತು, ರದ್ದುಪಡಿಸಿದೆ. ಹಾಗೆಯೇ ಒಂದು ಪ್ರಶ್ನೆ. ಯೂಟ್ಯೂಬಿನ ಕುಟುಂಬ ಚಂದಾ 299 ರೂಪಾಯಿ ಎಂದು ಕೇಳಿದ್ದೇನೆ. ನಾವು ಹಾಸ್ಟೆಲಿನ ಗೆಳತಿಯರು ಸೇರಿ ಅದನ್ನು ತೆಗೆದುಕೊಂಡರೆ ತಲೆಗೆ ಐವತ್ತರ ಸುಮಾರಿಗೆ ಬರುತ್ತದಲ್ಲವೇ?

ಭಾಲ್ಕಿ ಓದುಗ

ಕುಟುಂಬ ಚಂದಾಕ್ಕೆ ಸದಸ್ಯರೆಲ್ಲರೂ ಒಂದೇ ಮನೆಯಲ್ಲಿ ವಾಸಿಸಬೇಕೆಂಬ ಷರತ್ತಿದೆ. ಚಂದಾ ತೆಗೆದುಕೊಂಡವರಲ್ಲದೆ ಇನ್ನೂ ಐವರನ್ನು ಸೇರಿಸಬಹುದು. ಹಾಸ್ಟೆಲ್ ಒಂದೇ ಮನೆ ಎಂದು ವಾದಿಸಬಹುದೇನೋ, ನಾನಂತೂ ಒಪ್ಪುವುದಿಲ್ಲ. ನೀವು ವಿದ್ಯಾರ್ಥಿನಿಯಾದ್ದರಿಂದ ವಿದ್ಯಾರ್ಥಿ ದರವನ್ನು ನೋಡುವುದು ಸೂಕ್ತ, ಅದು 89 ರೂಪಾಯಿ ಇದೆ.

ಆಳಂದ ರಸ್ತೆ, ಕಲಬುರಗಿ

ಭಾಲ್ಕಿಯವರ ಮಾತು ನಮ್ಮ ಮನೆಗೂ ಅನ್ವಯಿಸುತ್ತದೆ. ನಾನು ಕಲಬುರಗಿಯಲ್ಲಿ, ತಂದೆಯವರು ಆಳಂದದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಮೂವರ ಬಳಿಯೂ ಬೇರೆ ಬೇರೆ ಚಂದಾಗಳಿವೆ. ಒಂದೇ ಕುಟುಂಬ, ಒಂದೇ ಪಡಿತರ ಚೀಟಿ, ಆದರೆ ಮೂರು ಊರುಗಳ ವಿಳಾಸ. ಇದನ್ನು ಒಂದೇ ಮನೆ ಎಂದು ಪರಿಗಣಿಸಬಹುದೇ?

ಲೆಕ್ಕದ ಪುಸ್ತಕ, ಕಲಬುರಗಿ

ಷರತ್ತಿನ ಭಾಷೆ ವಾಸಸ್ಥಳದ ಬಗ್ಗೆ ಇದೆ, ರಕ್ತಸಂಬಂಧದ ಬಗ್ಗೆ ಅಲ್ಲ. ಅಕ್ಷರಶಃ ಓದಿದರೆ ನಿಮ್ಮ ಮೂವರನ್ನು ಅದು ಒಳಗೊಳ್ಳುವುದಿಲ್ಲ ಎಂದೇ ನನ್ನ ಅಭಿಪ್ರಾಯ. ತಂದೆಯವರ 149ನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಬಿದ್ದಿರುವುದನ್ನು ಮಾತ್ರ ತೆಗೆಯಿರಿ ಎಂದು ನಾನು ಹೇಳುತ್ತೇನೆ.

ಶಹಾಪುರದ ಕಿರಾಣಿ

ವಿಮೆಯ ವಿಷಯ ತಿಳಿಸಿದ್ದಕ್ಕೆ ಅಕ್ಕನವರಿಗೆ ಶರಣು, ಶಾಖೆಯಲ್ಲಿ ವಿಚಾರಿಸಿದಾಗ ಅವರೂ ಅದನ್ನೇ ಹೇಳಿದರು. ಒಂದು ಸಂದೇಹ. ನನ್ನ ಯುಪಿಐ ಆ್ಯಪ್‌ನಲ್ಲಿ ಮಗ ನೋಡಿದಾಗ, ಬೇರೆ ಆ್ಯಪ್‌ನಲ್ಲಿ ಕೊಟ್ಟಿದ್ದ ಮ್ಯಾಂಡೇಟ್‌ಗಳೂ ಒಂದೇ ಕಡೆ ಕಾಣಿಸಿದವು. ಹಾಗಿದ್ದರೆ ಈ ಬಾಲದ ಹುಡುಕಾಟ ಏಕೆ ಬೇಕು?

ಬಸವಕಲ್ಯಾಣ ಮೊಬೈಲ್ ಅಂಗಡಿ

ಅಂಗಡಿಯಲ್ಲಿ ಗಿರಾಕಿಗಳ ಫೋನುಗಳಲ್ಲಿ ನೋಡುವಾಗ ಕೆಲವರಿಗೆ ಎಲ್ಲವೂ ಒಂದೆಡೆ ಕಾಣುತ್ತವೆ, ಕೆಲವರಿಗೆ ಆ ಆ್ಯಪ್‌ನವು ಮಾತ್ರ. ಆ್ಯಪ್‌ನ ಹೊಸ ಆವೃತ್ತಿ ಹಾಕಿದ ಮೇಲೂ ವ್ಯತ್ಯಾಸ ಉಳಿದದ್ದನ್ನು ಕಂಡಿದ್ದೇನೆ. ಖಾಲಿ ಪಟ್ಟಿ ಕಂಡ ಕೂಡಲೇ ಮ್ಯಾಂಡೇಟ್ ಇಲ್ಲ ಎಂದು ತೀರ್ಮಾನಿಸಬಾರದು ಎಂದಷ್ಟೇ ಹೇಳಬಲ್ಲೆ.

ಭಾಲ್ಕಿ ಓದುಗ

ಹೋದ ಹಣದ ಗತಿ ಏನು? ಬಳಸದೆ ಇದ್ದ ತಿಂಗಳುಗಳ 99 ರೂಪಾಯಿಗಳನ್ನು ಕೇಳಿ ಪಡೆಯಲು ಸಾಧ್ಯವಿಲ್ಲವೇ?

ಲೆಕ್ಕದ ಪುಸ್ತಕ, ಕಲಬುರಗಿ

ಅನುಮತಿ ಕೊಟ್ಟದ್ದು ನಿಜ, ಮುನ್ಸೂಚನೆ ಬಂದದ್ದೂ ನಿಜ ಎಂದಾದರೆ ಬ್ಯಾಂಕು ಅದನ್ನು ಮೋಸದ ಕಡಿತವೆಂದು ಪರಿಗಣಿಸುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಆದ ಪಾವತಿಯಾದರೆ 48 ಗಂಟೆಗಳೊಳಗೆ ಮರುಪಾವತಿ ಕೇಳುವ ಅವಕಾಶವಿದೆ, ತಂದೆಯವರದು ಆ ದಾರಿಯಲ್ಲ. ಆದರೆ ರದ್ದುಪಡಿಸುವ ದಾರಿಯನ್ನು ಬೇಕೆಂದೇ ಮುಚ್ಚಿಟ್ಟು ಅಥವಾ ಕ್ಲಿಷ್ಟಗೊಳಿಸಿ ಗ್ರಾಹಕರನ್ನು ಚಂದಾದೊಳಗೆ ಸಿಲುಕಿಸುವುದನ್ನು, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿತ ವಂಚಕ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿವೆ. ಹಳೆಯ ಸಂಖ್ಯೆ ಕಳೆದುಹೋದ ಗ್ರಾಹಕರಿಗೆ ಚಂದಾ ರದ್ದುಪಡಿಸಲು ಬೇರೆ ದಾರಿಯನ್ನೇ ಕೊಡದಿರುವುದು ಅದರೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಮೊದಲು ಸೇವೆಯವರ ಗ್ರಾಹಕ ವಿಭಾಗಕ್ಕೆ UMN ಸಹಿತ ಇಮೇಲ್ ಕಳುಹಿಸಿ, ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಆಳಂದ ರಸ್ತೆ, ಕಲಬುರಗಿ

ಮ್ಯಾಂಡೇಟ್ ರದ್ದಾಯಿತು, ಬ್ಯಾಂಕಿನ ಸಂದೇಶವೂ ಬಂದಿತು. ತಂದೆಯವರು ಕೇಳುವ ಪದಗಳಲ್ಲಿ ಬಹುಪಾಲು ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಸಿಕ್ಕವು, ಒಂದಿಷ್ಟು ಸಿಗಲಿಲ್ಲ. ವಿಡಿಯೊ ಸೇವೆಯನ್ನು ಮನೆಯಲ್ಲಿ ಟಿವಿಗೂ ಹಾಕುತ್ತಾರೆಂದು ತಾಯಿಯವರು ಹೇಳಿದ್ದರಿಂದ 499ರ ಚಂದಾವನ್ನು ಸದ್ಯಕ್ಕೆ ಉಳಿಸಿ, ಮುಂದಿನ ಬಾರಿ ವಿಡಿಯೊ ಸೇವೆ ಇಲ್ಲದ ರೀಚಾರ್ಜ್ ಹಾಕಿಸಲು ನಿರ್ಧರಿಸಿದ್ದೇವೆ. ಸಂಗೀತ ಸೇವೆಯವರಿಗೆ ಇಮೇಲ್ ಕಳುಹಿಸಿದ್ದೇನೆ. ಅಂಥ ಮರುಪಾವತಿ ಯಾರಿಗಾದರೂ ನಿಜವಾಗಿ ಸಿಕ್ಕಿದ್ದರೆ, ಯಾವ ದಾಖಲೆ ಕೇಳಿದರು ಎಂಬುದನ್ನು ಇಲ್ಲಿ ಬರೆಯಬೇಕೆಂದು ವಿನಂತಿ.